ಕೊನೆಯ ಸಾಲು ಮುಚ್ಚಿಟ್ಟ ಮೇಲೆ ಕಾಗೆ ಕೋಗಿಲೆ ಪಾಠ ಕೂತಿತು

ತೀರ್ಥಹಳ್ಳಿಯಲ್ಲಿ ನನ್ನದು ಸಂಜೆಯ ಸಂಸ್ಕೃತ ಟ್ಯೂಷನ್. ಹತ್ತು ಹನ್ನೆರಡು ಮಕ್ಕಳು, ತಿಂಗಳಿಗೆ ತಲಾ 400 ರೂಪಾಯಿ. ಪದಚ್ಛೇದ, ಪ್ರತಿಪದಾರ್ಥ, ತಾತ್ಪರ್ಯ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದ್ದೆ. ಅದಕ್ಕೇ ಏಳೆಂಟು ನೂರು ಹೋಯಿತು. ಮಕ್ಕಳು ಉರು ಹೊಡೆದರು, ಅಷ್ಟೇ. ಬೇಜಾರಾಗಿ ಮೂವರು ಬಿಟ್ಟೂ ಹೋದರು.

ಎಡವಿದ್ದು ಈ ಶ್ಲೋಕದಲ್ಲಿ:

ಕಾಕಃ ಕೃಷ್ಣಃ ಪಿಕಃ ಕೃಷ್ಣಃ ಕೋ ಭೇದಃ ಪಿಕಕಾಕಯೋಃ ।
ವಸಂತಸಮಯೇ ಪ್ರಾಪ್ತೇ ಕಾಕಃ ಕಾಕಃ ಪಿಕಃ ಪಿಕಃ ॥

ಒಬ್ಬ ಹುಡುಗ ಕೊನೆಯ ಪಾದಕ್ಕೆ "ಕಾಗೆ ಕಾಗೆ ಕೋಗಿಲೆ ಕೋಗಿಲೆ" ಎಂದು ಬರೆದಿದ್ದ. ಇನ್ನೊಬ್ಬ ‘ಪ್ರಾಪ್ತೇ’ ನೋಡಿ "ಸಿಕ್ಕಿದ ವಸಂತಕಾಲದಲ್ಲಿ" ಎಂದಿದ್ದ. ತಪ್ಪು ಅವರದ್ದಲ್ಲ, ನನ್ನ ಜೆರಾಕ್ಸಿನದ್ದು.

ಮುಂದಿನ ಸಲ ಬೋರ್ಡಿನಲ್ಲಿ ಮೂರೇ ಪಾದ ಬರೆದೆ. ನಾಲ್ಕನೆಯದರ ಜಾಗದಲ್ಲಿ ಎಂಟು ಚುಕ್ಕೆ, ಎಂಟು ಅಕ್ಷರಕ್ಕೆ. ಗೊತ್ತಿದ್ದ ಒಬ್ಬ ಮೇಷ್ಟ್ರು "ಆಟ ಆಡ್ತಾ ಕೂತರೆ ಮಾರ್ಕ್ಸ್ ಯಾರು ಕೊಡ್ತಾರೆ?" ಎಂದರು. ಸುಮ್ನಿದ್ದೆ.

ಮೊದಲರ್ಧ ಪ್ರಶ್ನೆ: ಎರಡೂ ಕಪ್ಪು, ವ್ಯತ್ಯಾಸ ಏನು? ‘ವಸಂತಸಮಯೇ ಪ್ರಾಪ್ತೇ’ ಸತಿಸಪ್ತಮಿ, ಅಂದರೆ ಒಂದು ಆದಾಗ ಇನ್ನೊಂದು ಆಗುತ್ತೆ ಎನ್ನಲು ಎರಡೂ ಪದ ಸಪ್ತಮಿಯಲ್ಲಿ ಬರುವ ರೀತಿ. ಎರಡು ಪದಕ್ಕೂ ‘ಅಲ್ಲಿ’ ಹಚ್ಚುತ್ತಾ ಕೂರಬಾರದು, ಕನ್ನಡದಲ್ಲಿ "ವಸಂತ ಬಂದಾಗ" ಅಂದರೆ ಮುಗಿಯಿತು. ಬಂದಾಗ ಏನಾಗುತ್ತೆ? ಮಕ್ಕಳೆಲ್ಲ "ಕೋಗಿಲೆ ಹಾಡುತ್ತೆ" ಎಂದರು. ಆಗ ಪಾದ ಬರೆದೆ. ಹಾಡು, ಕಂಠ, ಇಂಪು ಯಾವ ಪದವೂ ಅಲ್ಲಿಲ್ಲ! ಬರೀ ಹೆಸರುಗಳು, ಎರಡೆರಡು ಸಲ. ಮೊದಲ ‘ಕಾಕಃ’ ಎದುರಿಗಿರುವ ಹಕ್ಕಿ. ಎರಡನೆಯದು ಅದರ ಗುಣ. ಕನ್ನಡದಲ್ಲಿ ಆ ಕೆಲಸಕ್ಕೆ ಒಂದು ‘ಏ’ ಸಾಕು:

"ಕಾಗೆ ಕಪ್ಪು, ಕೋಗಿಲೆಯೂ ಕಪ್ಪು. ಎರಡಕ್ಕೂ ಏನು ವ್ಯತ್ಯಾಸ? ವಸಂತ ಬರಲಿ, ಕಾಗೆ ಕಾಗೆಯೇ, ಕೋಗಿಲೆ ಕೋಗಿಲೆಯೇ."

ಹಾಡಿನ ಮಾತನ್ನು ಅನುವಾದದಲ್ಲಿ ತುರುಕಿದರೆ ಶ್ಲೋಕ ಸತ್ತಂತೆ. ಅದು ತಾತ್ಪರ್ಯಕ್ಕೆ ಬರಲಿ. ಹೊರಗಿನ ರೂಪ ಒಂದೇ ಇದ್ದರೂ ಸಮಯ ಬಂದಾಗ ಯೋಗ್ಯತೆ ಗೊತ್ತಾಗುತ್ತದೆ ಎಂಬುದೂ ಅಲ್ಲೇ. ಹಕ್ಕಿಯ ನೆಪದಲ್ಲಿ ಮನುಷ್ಯರಿಗೆ ಹೇಳಿದ್ದು, ಅಂದರೆ ಅನ್ಯೋಕ್ತಿ.

ತೋಟದ ಮನೆಯ ಹುಡುಗಿಯೊಬ್ಬಳು ತಕರಾರು ತೆಗೆದಳು: "ಸಾರ್, ಹೆಣ್ಣು ಕೋಗಿಲೆ ಕಪ್ಪಿಲ್ಲ, ಕಂದು ಮೈಮೇಲೆ ಬಿಳಿ ಚುಕ್ಕೆ." ಸರಿ ತಾನೇ. ‘ಪಿಕಃ’ ಪುಲ್ಲಿಂಗ ಅಂತ ತೋರಿಸಿ ಬಚಾವಾದೆ. ವ್ಯಾಕರಣದ ಲಿಂಗಕ್ಕೂ ಹಕ್ಕಿಯ ಲಿಂಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ, ಅದು ಬೇರೆ ಮಾತು.

ಇದನ್ನು ಷಟ್ಪದಿಗೆ ಹಾಕಲು ಎರಡು ರಾತ್ರಿ ಕೂತೆ, ಹರಿದು ಎಸೆದೆ. ಅಷ್ಟು ಚಿಕ್ಕ ಮಾತಿಗೆ ಆರು ಸಾಲು ಎಲ್ಲಿಂದ ತರೋದು? ‘ಉದಯೇ ಸವಿತಾ ರಕ್ತಃ’ ಶ್ಲೋಕಕ್ಕೂ ಕೊನೆಯ ಪಾದ ಮುಚ್ಚಿ ನೋಡಿದೆ. ‘ಮಹತಾಮ್ ಏಕರೂಪತಾ’, ದೊಡ್ಡವರು ಯಾವಾಗಲೂ ಒಂದೇ ಥರ, ಅಂತ ನೀತಿಯನ್ನು ಬಾಯಿಬಿಟ್ಟೇ ಹೇಳಿದ್ದರಿಂದ ಆ ಮಜಾ ಬರಲಿಲ್ಲ. ಅಲ್ಲಿ ಮುಚ್ಚಬೇಕಾದ್ದು ಬೇರೆ, ಯಾವುದು ಅಂತ ಈಗ ಹೇಳಲ್ಲ.

ಬಿಟ್ಟುಹೋದ ಮೂವರಲ್ಲಿ ಇಬ್ಬರು ವಾಪಸ್ ಬಂದರು. ತಕರಾರು ತೆಗೆದ ಮೇಷ್ಟ್ರು ಮೊನ್ನೆ ಆ ಚುಕ್ಕೆಯ ಹಾಳೆ ಕೇಳಿ ಇಸ್ಕೊಂಡು ಹೋದರು.