ವರ್ಡ್ ಚಿತ್ರಕಥೆಯನ್ನು ಫೌಂಟನ್‌ಗೆ ತಂದದ್ದು: ದೊಡ್ಡಕ್ಷರವಿಲ್ಲದ ಲಿಪಿಯ ಪಾಡು

ಗೆಳೆಯರಾದ ನಿರ್ದೇಶಕರೊಬ್ಬರು ಎಂಟು ವರ್ಷಗಳ ಹಿಂದೆ ಬರೆದಿಟ್ಟಿದ್ದ ಕನ್ನಡ ಚಿತ್ರಕಥೆಯೊಂದನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡರು. ಒಟ್ಟು 71 ದೃಶ್ಯಗಳಿದ್ದ ವರ್ಡ್ ಫೈಲ್ ಅದು. ದೃಶ್ಯಗಳನ್ನು ಹಿಂದುಮುಂದು ಮಾಡಿ ನೋಡಬೇಕು, ಯಾವ ಪಾತ್ರ ಎಲ್ಲೆಲ್ಲಿ ಮಾತನಾಡುತ್ತದೆಂಬ ಪಟ್ಟಿ ತೆಗೆಯಬೇಕು, ಅದಕ್ಕಾಗಿ ಇದನ್ನು ಚಿತ್ರಕಥೆಯ ಸಾಫ್ಟ್‌ವೇರಿನಲ್ಲಿ ತೆರೆಯುವಂತೆ ಮಾಡಿಕೊಡು ಎಂದು ನನಗೆ ಒಪ್ಪಿಸಿದರು. ಅಂಥ ಹೆಚ್ಚಿನ ಸಾಫ್ಟ್‌ವೇರ್‌ಗಳು ಓದಬಲ್ಲ ಸರಳ ಪಠ್ಯರೂಪವೇ ಫೌಂಟನ್. ಜಾನ್ ಆಗಸ್ಟ್ ಮತ್ತು ಸ್ಟು ಮ್ಯಾಶ್‌ವಿಟ್ಜ್ ಅವರು ಇತರರೊಡನೆ ಸೇರಿ 2012ರಲ್ಲಿ ಹೊರತಂದ ಈ ಪದ್ಧತಿಯಲ್ಲಿ ಅಂಚು, ಅಕ್ಷರಗಾತ್ರ, ಶೈಲಿ ಯಾವುದೂ ಇರುವುದಿಲ್ಲ. ಸಾಲು ಹೇಗೆ ಶುರುವಾಗುತ್ತದೆ, ಅದರ ಹಿಂದೆ ಮುಂದೆ ಖಾಲಿ ಸಾಲು ಇದೆಯೇ ಎಂಬುದರಿಂದಲೇ ಅದು ದೃಶ್ಯದ ತಲೆಬರಹವೋ, ಪಾತ್ರದ ಹೆಸರೋ, ಸಂಭಾಷಣೆಯೋ ಎಂದು ತಿಳಿಯುತ್ತದೆ.

ವರ್ಡ್ ಫೈಲನ್ನು ಸರಳ ಪಠ್ಯವಾಗಿ ಉಳಿಸಿ, ಹೆಸರಿನ ಕೊನೆಗೆ `.fountain` ಎಂದು ಹಚ್ಚಿದರೆ ಕೆಲಸ ಮುಗಿಯಿತೆಂದು ನಾನು ಮೊದಲು ತಿಳಿದಿದ್ದೆ. ಹಾಗೆ ಮಾಡಿ ಎರಡು ಸಾಫ್ಟ್‌ವೇರ್‌ಗಳಲ್ಲಿ ತೆರೆದಾಗ ಎರಡು ಬಗೆಯ ಅನಾಹುತ ಕಂಡಿತು. ಒಂದರಲ್ಲಿ ಇಡೀ ಚಿತ್ರಕಥೆ ಕ್ರಿಯಾವಿವರಣೆಯಾಗಿ ಎಡ ಅಂಚಿಗೆ ಅಂಟಿಕೊಂಡಿತ್ತು; ಪಾತ್ರಗಳ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. ಇನ್ನೊಂದರಲ್ಲಿ ಪಾತ್ರಗಳು ಇದ್ದರು, ಆದರೆ ಅವರ ನಡುವೆ ‘ಹೊರಗೆ ಜಿಟಿಜಿಟಿ ಮಳೆ.’ ಎಂಬ ಹೆಸರಿನ ಪಾತ್ರವೂ ಸೇರಿಕೊಂಡು, ಮುಂದಿನ ಸಾಲನ್ನು ಸಂಭಾಷಣೆಯಾಗಿ ನುಡಿಯುತ್ತಿತ್ತು.

ಒಂದೇ ಫೈಲು ಎರಡು ಕಡೆ ಹೀಗೆ ತದ್ವಿರುದ್ಧವಾಗಿ ಕೆಟ್ಟದ್ದೇಕೆ ಎಂದು ಹುಡುಕಿದಾಗ ಮೂಲ ಕಾರಣ ಸಿಕ್ಕಿತು. ಫೌಂಟನ್ ನಿಯಮದ ಪ್ರಕಾರ ಪಾತ್ರದ ಹೆಸರೆಂದರೆ, ಹಿಂದೆ ಖಾಲಿ ಸಾಲಿದ್ದು, ಮುಂದೆ ಖಾಲಿ ಸಾಲಿಲ್ಲದೆ, ಪೂರ್ತಿ ದೊಡ್ಡಕ್ಷರಗಳಲ್ಲಿರುವ ಸಾಲು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ‘ಈ ಸಾಲು ದೊಡ್ಡಕ್ಷರದಲ್ಲಿದೆಯೇ’ ಎಂಬ ಪ್ರಶ್ನೆಗೆ ಉತ್ತರವು ಪ್ರಶ್ನೆ ಕೇಳಿದ ರೀತಿಯನ್ನು ಅವಲಂಬಿಸಿ ಬದಲಾಗುತ್ತದೆ. ಪೈಥಾನಿನಲ್ಲಿ ಇದನ್ನು ಎರಡೇ ಸಾಲಿನಲ್ಲಿ ನೋಡಬಹುದು.

```
"ರಾಜಮ್ಮ".isupper()             # False
"ರಾಜಮ್ಮ" == "ರಾಜಮ್ಮ".upper()   # True
```

ಮೊದಲನೆಯದು ‘ಇದರಲ್ಲಿ ದೊಡ್ಡಕ್ಷರಗಳಿವೆಯೇ’ ಎಂದು ಕೇಳಿ ಇಲ್ಲವೆನ್ನುತ್ತದೆ. ಎರಡನೆಯದು ‘ದೊಡ್ಡಕ್ಷರ ಮಾಡಿದರೂ ಬದಲಾಗದೆ ಉಳಿಯುತ್ತದೆಯೇ’ ಎಂದು ಕೇಳಿ ಹೌದೆನ್ನುತ್ತದೆ. ಮೊದಲನೆಯ ಬಗೆಯಲ್ಲಿ ಪರೀಕ್ಷಿಸುವ ಸಾಫ್ಟ್‌ವೇರಿಗೆ ಯಾವ ಕನ್ನಡ ಸಾಲೂ ಪಾತ್ರದ ಹೆಸರಲ್ಲ, ಎರಡನೆಯ ಬಗೆಯಲ್ಲಿ ಪರೀಕ್ಷಿಸುವುದಕ್ಕೆ ಪ್ರತಿಯೊಂದು ಕನ್ನಡ ಸಾಲೂ ಪಾತ್ರದ ಹೆಸರಾಗಬಲ್ಲದು. ನಿಯಮ ಬರೆದವರ ಅರಿವಿನಲ್ಲಿ ಇಂಥ ಸಂದರ್ಭಗಳು ಇದ್ದಿರಬೇಕು, ಏಕೆಂದರೆ ಊಹೆಯನ್ನು ಬದಿಗೊತ್ತಿ ‘ಇದು ಇಂಥದ್ದೇ’ ಎಂದು ಹೇಳುವ ಗುರುತುಗಳನ್ನು ಅವರು ಕೊಟ್ಟಿದ್ದಾರೆ. ಸಾಲಿನ ಮೊದಲಲ್ಲಿ `@` ಇದ್ದರೆ ಅದು ಪಾತ್ರದ ಹೆಸರು. ಒಂದೇ ಒಂದು ಚುಕ್ಕೆ ಇದ್ದರೆ ದೃಶ್ಯದ ತಲೆಬರಹ. `!` ಇದ್ದರೆ ಕ್ರಿಯಾವಿವರಣೆ. `>` ಇದ್ದರೆ ‘ಕಟ್ ಟು’ವಿನಂಥ ದೃಶ್ಯಾಂತರ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇವು ಅಪರೂಪಕ್ಕೆ ಬೇಕಾಗುವ ಉಪಾಯಗಳು, ಕನ್ನಡದಲ್ಲಿ ಬರೆಯುವವರಿಗೆ ಇವೇ ವ್ಯಾಕರಣ.

ಆದ್ದರಿಂದ ನಾನು ಯಾವುದನ್ನೂ ಸಾಫ್ಟ್‌ವೇರಿನ ಊಹೆಗೆ ಬಿಡದೆ, ಸಂಭಾಷಣೆಯೊಂದನ್ನು ಬಿಟ್ಟು ಉಳಿದ ಪ್ರತಿ ಪ್ಯಾರಾಕ್ಕೂ ಗುರುತು ಹಚ್ಚಲು ನಿರ್ಧರಿಸಿದೆ. ಯಾವ ಪ್ಯಾರಾ ಯಾವ ಬಗೆಯದೆಂದು ತಿಳಿಯಲು ವರ್ಡ್ ಫೈಲಿನ ವಿನ್ಯಾಸವೇ ಆಧಾರವಾಗಬೇಕಿತ್ತು. ಸರಳ ಪಠ್ಯವಾಗಿ ಉಳಿಸಿದೊಡನೆ ಆ ವಿನ್ಯಾಸವೇ ಅಳಿಸಿಹೋಗುತ್ತದೆ, ನನ್ನ ಮೊದಲ ತಪ್ಪು ಅದೇ. ಹಾಗಾಗಿ ಎರಡನೆಯ ಸಲ ಪೈಥಾನಿನ `python-docx` ಎಂಬ ಲೈಬ್ರರಿಯನ್ನು ಬಳಸಿ, ಪ್ರತಿ ಪ್ಯಾರಾದ ಶೈಲಿ, ಜೋಡಣೆ ಮತ್ತು ಎಡ ಅಂಚಿನ ಅಳತೆಯನ್ನು ಮೊದಲು ಬರೀ ಪಟ್ಟಿ ಮಾಡಿ ನೋಡಿದೆ.

```
from docx import Document
for p in Document("script.docx").paragraphs:
    ind = p.paragraph_format.left_indent
    print(p.style.name, p.alignment,
          round(ind.inches, 1) if ind else 0, p.text[:25])
```

ಪಟ್ಟಿಯನ್ನು ಓದುತ್ತ ಹೋದಂತೆ ಬರೆದವರ ಕೈರೂಢಿ ಬಯಲಾಯಿತು. ಪಾತ್ರದ ಹೆಸರುಗಳೆಲ್ಲ ನಡುವಿಗೆ ಜೋಡಿಸಿದ್ದವು, ಸಂಭಾಷಣೆ ಒಂದೂವರೆ ಇಂಚು ಒಳಸರಿದಿತ್ತು, ತಲೆಬರಹಗಳು ದಪ್ಪಕ್ಷರದಲ್ಲಿ ‘ದೃಶ್ಯ’ ಎಂಬ ಪದದಿಂದ ಶುರುವಾಗುತ್ತಿದ್ದವು, ಉಳಿದದ್ದು ವಿವರಣೆ. ಸುಮಾರು ನಲವತ್ತು ಪ್ಯಾರಾಗಳಲ್ಲಿ ಮಾತ್ರ ಅಂಚಿನ ಬದಲು ಟ್ಯಾಬ್ ಒತ್ತಿ ಸರಿಸಿದ್ದರು. ಅವುಗಳನ್ನು ವರ್ಡಿನಲ್ಲಿಯೇ ಕೈಯಾರೆ ತಿದ್ದಿದ್ದು ಪ್ರೋಗ್ರಾಮಿಗೆ ಹೊಸ ನಿಯಮ ಬರೆಯುವುದಕ್ಕಿಂತ ಬೇಗ ಮುಗಿಯಿತು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು: `paragraphs` ಎಂಬುದು ಕೋಷ್ಟಕದೊಳಗಿನ ಪಠ್ಯವನ್ನು ಕೊಡುವುದಿಲ್ಲ. ಎಡಗಡೆ ದೃಶ್ಯ, ಬಲಗಡೆ ಮಾತು ಎಂದು ಎರಡು ಕಾಲಮ್ಮಿನಲ್ಲಿ ಬರೆದ ಚಿತ್ರಕಥೆಯಾದರೆ ಕೋಷ್ಟಕದ ಕೋಣೆಗಳನ್ನು ಬೇರೆಯಾಗಿಯೇ ಓದಬೇಕಾಗುತ್ತದೆ.

ಇದಕ್ಕೂ ಮೊದಲು ದಾಟಬೇಕಾದ ಇನ್ನೊಂದು ಹೊಳೆಯಿತ್ತು. ಇಪ್ಪತ್ತು ದೃಶ್ಯಗಳನ್ನು ಯುನಿಕೋಡಿನಲ್ಲಿ ಬರೆಯದೆ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬರೆದಿದ್ದರು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ‘ಕನ್ನಡ’ ಎಂಬ ಪದವು `PÀ£ÀßqÀ` ಎಂದು ಕುಳಿತಿರುತ್ತದೆ, ಸರಳ ಪಠ್ಯಕ್ಕೆ ಬಂದೊಡನೆ ಮುಖವಾಡ ಕಳಚುತ್ತದೆ. ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ಆದರೆ ಇಡೀ ಪುಟವನ್ನು ಒಮ್ಮೆಲೇ ಅದರ ಬಾಯಿಗೆ ಕೊಟ್ಟರೆ ನಡುನಡುವೆ ಇಂಗ್ಲಿಷಿನಲ್ಲಿರುವ `INT.` ಮುಂತಾದ ಪದಗಳನ್ನೂ ಅದು ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿಸುತ್ತದೆ. ಅದಕ್ಕಾಗಿ ಪ್ಯಾರಾದೊಳಗಿನ ತುಣುಕುಗಳನ್ನು ಅಕ್ಷರವಿನ್ಯಾಸದ ಹೆಸರಿನಿಂದ ಬೇರ್ಪಡಿಸಿ, ಹೆಸರು `Nudi` ಎಂದು ಶುರುವಾಗುವ ತುಣುಕುಗಳನ್ನು ಮಾತ್ರ ಪರಿವರ್ತಿಸಿದೆ.

ಇಷ್ಟಾದ ಮೇಲೆ ಗುರುತು ಹಚ್ಚುವ ಕೆಲಸ ಸುಲಭವಾಯಿತು. ಬರೆದವರು ಅಂದಕ್ಕಾಗಿ ಎಂಟರ್ ಒತ್ತಿ ಸೇರಿಸಿದ್ದ ಖಾಲಿ ಪ್ಯಾರಾಗಳನ್ನೆಲ್ಲ ಮೊದಲು ತೆಗೆದುಹಾಕಿದೆ. ಫೌಂಟನ್‌ನಲ್ಲಿ ಖಾಲಿ ಸಾಲಿಗೆ ಅರ್ಥವಿದೆ: ಹೆಸರಿಗೂ ಮಾತಿಗೂ ನಡುವೆ ಒಂದು ಖಾಲಿ ಸಾಲು ಉಳಿದರೆ ಆ ಮಾತು ಸಂಭಾಷಣೆಯಾಗದೆ ವಿವರಣೆಯಾಗಿಬಿಡುತ್ತದೆ. ಎಲ್ಲವನ್ನೂ ತೆಗೆದ ಬಳಿಕ, ಬೇಕಾದ ಕಡೆ ಮಾತ್ರ ಖಾಲಿ ಸಾಲನ್ನು ಗುರುತಿನೊಡನೆಯೇ ಸೇರಿಸಿದೆ.

```
MARK = {"scene": "\n.", "name": "\n@", "action": "\n!",
        "trans": "\n> ", "dial": ""}
out = "\n".join(MARK[kind] + text for kind, text in items)
```

ಇಲ್ಲಿ `items` ಎಂದರೆ ಹಿಂದಿನ ಪಟ್ಟಿಯಿಂದ ವಿಂಗಡಿಸಿದ, ಬಗೆ ಮತ್ತು ಪಠ್ಯದ ಜೋಡಿಗಳು. ಸಂಭಾಷಣೆಗೂ, ಆವರಣದೊಳಗಿನ ಅಭಿನಯ ಸೂಚನೆಗೂ ಗುರುತಿಲ್ಲ, ಮೇಲೆ ಖಾಲಿ ಸಾಲೂ ಇಲ್ಲ. ಹೆಸರಿಗೆ ಅಂಟಿಕೊಂಡು ಬರುವುದರಿಂದಲೇ ಅವು ತಮ್ಮ ಜಾಗ ಪಡೆಯುತ್ತವೆ. ಹದಿನಾಲ್ಕನೆಯ ದೃಶ್ಯವು ಕೊನೆಗೆ ಈ ರೂಪಕ್ಕೆ ಬಂತು.

```
.ಒಳಾಂಗಣ - ಅಂಚೆ ಕಚೇರಿ - ಹಗಲು #14#

!ಹೊರಗೆ ಜಿಟಿಜಿಟಿ ಮಳೆ.

!ರಾಜಮ್ಮ ಕೊಡೆ ಮಡಿಸುತ್ತಾಳೆ.

@ರಾಜಮ್ಮ
(ಮೆಲ್ಲಗೆ)
ಇವತ್ತಾದರೂ ಬಂತೇನಪ್ಪಾ?

> ಕಟ್ ಟು:
```

‘ದೃಶ್ಯ 14’ ಎಂದು ಮೊದಲಲ್ಲಿದ್ದ ಸಂಖ್ಯೆಯನ್ನು ಫೌಂಟನ್ ರೂಢಿಯಂತೆ ಸಾಲಿನ ಕೊನೆಗೆ, ಎರಡು `#` ಚಿಹ್ನೆಗಳ ನಡುವೆ ಇಟ್ಟೆ. ಕನ್ನಡ ಅಂಕಿಗಳಿದ್ದ ಕಡೆಯೂ 14 ಎಂಬ ರೂಪಕ್ಕೇ ತಂದೆ. ಫೈಲನ್ನು ಬರೆಯುವಾಗ `encoding="utf-8"` ಎಂದು ಕಡ್ಡಾಯವಾಗಿ ಹೇಳಿದೆ, ಇಲ್ಲವಾದರೆ ಕೆಲವು ಗಣಕಗಳಲ್ಲಿ ಬರೆಯುವುದೇ ನಿಂತುಹೋಗುತ್ತದೆ.

ಸಾಫ್ಟ್‌ವೇರಿನಲ್ಲಿ ತೆರೆದು ದೃಶ್ಯಗಳ ಪಟ್ಟಿ ನೋಡಿದೆ: 71ರ ಬದಲು 68. ಮೂರು ದೃಶ್ಯಗಳು ಎಲ್ಲಿ ಹೋದವೆಂದು ಸಂಖ್ಯೆ ಹಿಡಿದು ಹುಡುಕಿದಾಗ, ಆ ಮೂರೂ ಕಡೆ ಬರೆದವರು ತಲೆಬರಹದ ಮೊದಲು ಎಂಟರ್ ಬದಲು ಶಿಫ್ಟ್ ಮತ್ತು ಎಂಟರ್ ಒತ್ತಿದ್ದರೆಂದು ತಿಳಿಯಿತು. ವರ್ಡಿಗೆ ಅದು ಹೊಸ ಪ್ಯಾರಾ ಅಲ್ಲ, ಅದೇ ಪ್ಯಾರಾದೊಳಗಿನ ಸಾಲುಮುರಿ. ಹಾಗಾಗಿ ತಲೆಬರಹವು ಹಿಂದಿನ ವಿವರಣೆಯ ಬಾಲವಾಗಿ ಹೋಗಿತ್ತು. ಮೊದಲ ಸುತ್ತಿನಲ್ಲಿ ಮಳೆಯನ್ನು ಪಾತ್ರವಾಗಿಸಿದ್ದೂ ಇದೇ ಸಾಲುಮುರಿ: ‘ಹೊರಗೆ ಜಿಟಿಜಿಟಿ ಮಳೆ.’ ಎಂಬುದರ ಕೆಳಗೆ ಖಾಲಿ ಸಾಲಿಲ್ಲದೆ ಇನ್ನೊಂದು ಸಾಲು ಬಂದದ್ದರಿಂದ ಅದು ಹೆಸರಿನ ಲಕ್ಷಣ ಪಡೆದಿತ್ತು. `p.text` ಎಂಬಲ್ಲಿ ಸಾಲುಮುರಿಯು `\n` ಆಗಿ ಬರುತ್ತದೆ. ಸಂಭಾಷಣೆಯಲ್ಲಿ ಅದನ್ನು ಹಾಗೆಯೇ ಉಳಿಸಿ, ಉಳಿದ ಕಡೆ ಅದರಲ್ಲೇ ಕತ್ತರಿಸಿ ಪ್ರತಿ ತುಂಡನ್ನೂ ಬೇರೆ ಪ್ಯಾರಾ ಎಂದು ಎಣಿಸಿದ ಮೇಲೆ 71 ಕೂಡಿಬಂತು.

ಪಾತ್ರಗಳ ಪಟ್ಟಿಯ ತೊಡಕು ಇನ್ನೂ ಸೂಕ್ಷ್ಮವಾಗಿತ್ತು. ರಾಜೇಶ್ ಎಂಬ ಒಬ್ಬನೇ ವ್ಯಕ್ತಿ ಎರಡು ಸಲ ಕಾಣುತ್ತಿದ್ದ, ಒಬ್ಬನಿಗೆ 31 ಮಾತು, ಇನ್ನೊಬ್ಬನಿಗೆ 9. ಕಣ್ಣಿಗೆ ಎರಡೂ ಹೆಸರು ಒಂದೇ. ಅಕ್ಷರಗಳ ಸಂಕೇತಗಳನ್ನು ಬಿಡಿಸಿ ನೋಡಿದಾಗ, ಒಂದರ ಕೊನೆಯ ಶಕಾರದ ನಂತರ `U+200C` ಎಂಬ ಅಗೋಚರ ಚಿಹ್ನೆ ಅವಿತುಕೊಂಡಿತ್ತು. ಒತ್ತಕ್ಷರ ಆಗದಂತೆ ತಡೆಯಲು ಕನ್ನಡ ಕೀಲಿಮಣೆಗಳೂ ಪರಿವರ್ತಕಗಳೂ ಅರ್ಧಾಕ್ಷರದ ನಂತರ ಇದನ್ನು ಸೇರಿಸುತ್ತವೆ. ಎಲ್ಲವನ್ನೂ ಅಳಿಸಿಬಿಡೋಣವೆಂದರೆ ಪದದ ನಡುವೆ ಅದು ಬೇಕೇ ಬೇಕು. ‘ಸಾಫ್ಟ್‌ವೇರ್’ ಎಂಬಲ್ಲಿ ತೆಗೆದರೆ ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಪದದ ಕೊನೆಯಲ್ಲಿ ಮಾತ್ರ ಅದಕ್ಕೆ ಕೆಲಸವಿಲ್ಲ. ಆದ್ದರಿಂದ ಮುಂದೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಸಾಲಿನ ಕೊನೆಯೋ ಇರುವ ಕಡೆಗಳಲ್ಲಷ್ಟೇ ತೆಗೆದೆ.

```
text = unicodedata.normalize("NFC", text)
text = re.sub("\u200c(?=[\\s.,:()?!]|$)", "", text)
```

ಮೊದಲ ಸಾಲು ಇನ್ನೊಂದು ಜೋಡಿಗಾಗಿ: ‘ಲೋಕಿ’ ಎಂಬ ಹೆಸರಿನ ಓಕಾರವು ಕೆಲವೆಡೆ ಒಂದೇ ಸಂಕೇತವಾಗಿ, ಪರಿವರ್ತಕದಿಂದ ಬಂದ ಕಡೆ ಬಿಡಿಬಿಡಿ ಸಂಕೇತಗಳಾಗಿ ಇತ್ತು.

ಪಠ್ಯವೇನಾದರೂ ಕಳೆದುಹೋಯಿತೇ ಎಂದು ನೋಡಲು ಫೌಂಟನ್ ಫೈಲಿನಿಂದ ಗುರುತುಗಳನ್ನೂ ಎರಡೂ ಕಡೆಯಿಂದ ಖಾಲಿ ಸಾಲುಗಳನ್ನೂ ತೆಗೆದು, ಪರಿವರ್ತನೆಯಾದ ಮೂಲದ ಪಠ್ಯದೊಡನೆ ಸಾಲಿಗೆ ಸಾಲಿಟ್ಟು ಹೋಲಿಸಿದೆ. ನಾನು ಬದಲಾಯಿಸಿದ ತಲೆಬರಹಗಳ ಹೊರತು ಬೇರೆ ವ್ಯತ್ಯಾಸ ಸಿಗಲಿಲ್ಲ. ಆದರೆ ಈ ಹೋಲಿಕೆಗೆ ಸಿಗದ ಒಂದು ನಷ್ಟವಿತ್ತು: ಒಂದು ದೀರ್ಘ ಸ್ವಗತದ ನಡುವೆ ಬೇಕೆಂದೇ ಬಿಟ್ಟಿದ್ದ ಖಾಲಿ ಸಾಲನ್ನು ನಾನು ಉಳಿದವುಗಳೊಡನೆ ಅಳಿಸಿದ್ದೆ. ಸಂಭಾಷಣೆ ಮುರಿಯದಂತೆ ಅಂಥ ಸಾಲನ್ನು ಉಳಿಸಿಕೊಳ್ಳಲು ಅದರಲ್ಲಿ ಎರಡು ಖಾಲಿ ಜಾಗಗಳನ್ನು ಒತ್ತಿಡಬೇಕು. ಕೆಲವು ಪಠ್ಯ ಸಂಪಾದಕಗಳು ಉಳಿಸುವಾಗ ಸಾಲಿನ ಕೊನೆಯ ಖಾಲಿ ಜಾಗಗಳನ್ನು ತಾವೇ ಗುಡಿಸಿಹಾಕುವುದರಿಂದ, ನನ್ನ ಸಂಪಾದಕದಲ್ಲಿ ಆ ಆಯ್ಕೆಯನ್ನು ಆಫ್ ಮಾಡಿಟ್ಟೆ.

ಪುಟಗಳ ಲೆಕ್ಕ ಮಾತ್ರ ನಂಬುವಂತಿರಲಿಲ್ಲ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಅಂದಾಜು 12 ಪಾಯಿಂಟಿನ ಕೊರಿಯರ್ ಅಕ್ಷರಗಳ ಸಮನಾದ ಅಗಲದ ಮೇಲೆ ನಿಂತದ್ದು. ಆ ಅಕ್ಷರವಿನ್ಯಾಸದಲ್ಲಿ ಕನ್ನಡವಿಲ್ಲದೆ ಗಣಕವು ಬೇರೊಂದನ್ನು ಎರವಲು ತರುತ್ತದೆ, ಒತ್ತಕ್ಷರಗಳಿಂದಾಗಿ ಸಾಲಿನ ಎತ್ತರವೂ ಬೇರೆಯಾಗುತ್ತದೆ. ನಿರ್ದೇಶಕರಿಗೆ ಫೈಲನ್ನು ಒಪ್ಪಿಸುವಾಗ ಪುಟಸಂಖ್ಯೆಯಿಂದ ಅವಧಿ ಎಣಿಸಬೇಡಿ ಎಂದೆ. ಅವರು ಸರಿ ಎಂದು, ಅಂಚೆ ಕಚೇರಿಯ ದೃಶ್ಯವನ್ನು ಎಳೆದು ಇಪ್ಪತ್ತೆರಡನೆಯದರ ಕೆಳಗೆ ಇಟ್ಟರು.