ಬಸ್ಸಲ್ಲಿ ಕಳೆದ ಫೋನು: ಸ್ಪ್ಯಾನಿಷ್‌ನಲ್ಲಿ ಒಂದು ನಗೆಕತೆ ಬರೆದ ಬಗೆ

ನಾನು ಸ್ಪ್ಯಾನಿಷ್ ಕಲಿಸುತ್ತೇನೆ. ಬಿ1 ಅನ್ನುವ ಮಧ್ಯಮ ಮಟ್ಟದವರಿಗೆ ಓದಲು ಕೊಡುವ ನಗೆಕತೆಗಳಲ್ಲಿ ಒಂದು ತೊಂದರೆ ಇದೆ. ನಗು ಬರಬೇಕಾದ ಕಡೆ ಹೊಸ ಪದ ಬಂದರೆ ಓದುಗರು ನಿಘಂಟು ತೆಗೆಯುತ್ತಾರೆ. ಅಲ್ಲಿಗೆ ನಗು ಹೋಯ್ತು. ಅದಕ್ಕೇ ನಾನು ಕತೆಯನ್ನು ಕೊನೆಯಿಂದ ಬರೆಯಲು ಶುರು ಮಾಡಿದೆ.

ಕತೆ ನಡೆಯುವುದು ಮ್ಯಾಡ್ರಿಡ್‌ನ ಬಸ್ಸಲ್ಲಿ. ಪಾಬ್ಲೊ ಅನ್ನೋ ಹುಡುಗ ಫೋನು ಹುಡುಕುತ್ತಿದ್ದಾನೆ. "ನೊ ಎನ್‌ಕ್ವೆಂತ್ರೊ ಎಲ್ ಮೋಬಿಲ್, ಮಮಾ" (ಫೋನ್ ಸಿಗ್ತಿಲ್ಲ ಅಮ್ಮಾ) ಅನ್ನುತ್ತಾನೆ. ಅಮ್ಮ "ಮಿರಾ ದೆಬಾಹೊ ದೆಲ್ ಅಸ್ಯೆಂತೊ" (ಸೀಟಿನ ಕೆಳಗೆ ನೋಡು) ಅನ್ನುತ್ತಾಳೆ. ಅಕ್ಕಪಕ್ಕದವರೂ ಬಗ್ಗಿ ಹುಡುಕುತ್ತಾರೆ. ಆಗ ಒಬ್ಬ ಅಜ್ಜಿ ಕೇಳುತ್ತಾಳೆ:

"ಕೊನ್ ಕ್ಯೆನ್ ಆಬ್ಲಾಸ್?" (ಯಾರ ಜೊತೆ ಮಾತಾಡ್ತಿದ್ದೀಯಾ?)
"ಕೊನ್ ಮಿ ಮಾದ್ರೆ, ಸೆನ್ಯೋರಾ." (ಅಮ್ಮನ ಜೊತೆ.)
"ಇ ಕೊನ್ ಕೆ?" (ಯಾತರಲ್ಲಿ?)

ಅಮ್ಮ ಇರುವುದು ಮನೆಯಲ್ಲಿ, ಫೋನು ಇರುವುದು ಅವನ ಕಿವಿಯಲ್ಲೇ! ಅಜ್ಜಿಯ ಆ ಮೂರು ಪುಟ್ಟ ಪದಗಳು ಮೊದಲ ತಿಂಗಳಲ್ಲೇ ಕಲಿಯುವಂಥವು. ಹಾಗಾಗಿ ಓದುಗರು ಎಲ್ಲೂ ನಿಲ್ಲಬೇಕಾಗಿಲ್ಲ.

ಜಾಸ್ತಿ ಕೆಲಸ ಇದ್ದದ್ದು ಅಮ್ಮನನ್ನು ಬಚ್ಚಿಡುವುದರಲ್ಲಿ. ಇಲ್ಲಿ ಸ್ಪ್ಯಾನಿಷ್‌ನ ಬರೆಯುವ ರೀತಿಯೇ ಕೈಹಿಡಿಯಿತು. ಸ್ಪ್ಯಾನಿಷ್ ಕತೆಗಳಲ್ಲಿ ಸಂಭಾಷಣೆಗೆ ಸಾಮಾನ್ಯವಾಗಿ ಉದ್ಧರಣ ಚಿಹ್ನೆ ಹಾಕುವುದಿಲ್ಲ. ಪ್ರತಿ ಮಾತೂ ಹೊಸ ಸಾಲಲ್ಲಿ, ರಾಯಾ ಅನ್ನುವ ಉದ್ದ ಗೆರೆಯಿಂದ ಶುರುವಾಗುತ್ತದೆ. ಪಕ್ಕದಲ್ಲಿ ಕೂತವರ ಮಾತಿಗೂ ಫೋನಿನಲ್ಲಿ ಬರುವ ಮಾತಿಗೂ ಅದೇ ಗೆರೆ. ಓದುಗರು ಅಮ್ಮ ಪಕ್ಕದಲ್ಲೇ ಇದ್ದಾಳೆ ಅಂದುಕೊಳ್ಳುತ್ತಾರೆ. ಆದರೆ ಮೋಸ ಆಗಬಾರದು, ಅಲ್ವಾ? ಅದಕ್ಕೇ ಅಮ್ಮ ಬಗ್ಗುವುದಿಲ್ಲ, ಏಳುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ. ಬರೀ ಮಾತಾಡುತ್ತಾಳೆ. ಅವಳ ಮಾತಿನ ಮುಂದೆ "ದಿಹೊ" (ಹೇಳಿದಳು) ಅಂತ ಮಾತ್ರ ಹಾಕಿದೆ. ಮತ್ತೆ ಓದಿದವರಿಗೆ ಎಲ್ಲವೂ ಸರಿಯಾಗೇ ಕಾಣಬೇಕು.

ಅಜ್ಜಿ ಹುಡುಗನಿಗೆ "ತು" ಅಂತ ಸಲಿಗೆಯಲ್ಲಿ, ಹುಡುಗ ಅಜ್ಜಿಗೆ "ಉಸ್ತೆದ್" ಅಂತ ಗೌರವದಲ್ಲಿ ಮಾತಾಡುತ್ತಾರೆ. ನಮ್ಮ ನೀನು, ನೀವು ಇದ್ದ ಹಾಗೇ. ಕನ್ನಡದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಕ್ರಿಯಾಪದದ ರೂಪ ನೋಡಿಯೇ ಯಾರು ಯಾರಿಗೆ ಹೇಳಿದ್ದು ಅಂತ ಗುರುತಿಸಿದರು.

ಕೊನೆಯ ಸಾಲು ಅಮ್ಮನದ್ದು: "ಇಹೊ, ಲೊ ಆಸ್ ಎನ್‌ಕೊಂತ್ರಾದೊ?" (ಮಗಾ, ಸಿಕ್ತಾ?) ಸ್ಪೇನಿನಲ್ಲಿ ಈಗಷ್ಟೇ ಆದದ್ದನ್ನು ಹೀಗೇ ಕೇಳುತ್ತಾರೆ. ಮೆಕ್ಸಿಕೊಗೆ ಹೊರಟ ವಿದ್ಯಾರ್ಥಿಗಳಿಗೆ ಬೇರೆ ಪ್ರತಿ ಮಾಡಿದ್ದೇನೆ. ಅದರಲ್ಲಿ ಮೋಬಿಲ್ ಹೋಗಿ "ಸೆಲುಲಾರ್" ಆಯಿತು, ಅಮ್ಮ "ಲೊ ಎನ್‌ಕೊಂತ್ರಾಸ್ತೆ?" ಅನ್ನುತ್ತಾಳೆ. ಅಜ್ಜಿಯ ಮಾತನ್ನು ಮಾತ್ರ ಮುಟ್ಟಲಿಲ್ಲ.