ಬಾಡಿಗೆ ಮನೆಯಲ್ಲಿ ಸಿಲಿಂಡರ್ ಸಿಡಿದರೆ: ಹೊಣೆ ಯಾರದೆಂದು ತೋರಿಸುವುದು ಹೇಗೆ?

‘ಸಿಲಿಂಡರ್ ಸ್ಫೋಟ’ ಎಂದು ಸುದ್ದಿಯಾಗುವ ಅವಘಡಗಳಲ್ಲಿ ಹೆಚ್ಚಿನವುಗಳಲ್ಲಿ ಸಿಲಿಂಡರ್ ಸಿಡಿದೇ ಇರುವುದಿಲ್ಲ. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡುತ್ತದೆ. ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲಿನಷ್ಟು ಸೇರಿದರೂ ಒಂದು ಸ್ವಿಚ್ಚಿನ ಕಿಡಿ ಸಾಕು. ಗೋಡೆ ಬಿರಿದು ಕಿಟಕಿ ಹಾರಿಹೋದ ಮನೆಯಲ್ಲೂ ಸಿಲಿಂಡರ್ ಮಾತ್ರ ಹೊಗೆ ಹಿಡಿದು ನೆಟ್ಟಗೆ ನಿಂತಿರುತ್ತದೆ. ಹೊಣೆಯ ವಿಚಾರ ಶುರುವಾಗುವುದೇ ಇಲ್ಲಿಂದ. ಬೇರೆ ಬೆಂಕಿ ಇಲ್ಲದೆಯೇ ಸಿಲಿಂಡರಿನ ಮೈ ಹರಿದಿದ್ದರೆ ತೈಲ ಕಂಪನಿ ಉತ್ತರ ಹೇಳಬೇಕು. ಮೈ ಇಡಿಯಾಗಿದ್ದರೆ ಅನಿಲ ಎಲ್ಲಿಂದ ಸೋರಿತು ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಸುಟ್ಟುಹೋದ ಕುಟುಂಬಗಳು ಎಡವುವುದೂ ಆ ಪ್ರಶ್ನೆಯಲ್ಲೇ.

ಮೊದಲ ಗಂಟೆ

ಜನರನ್ನು ಹೊರಗೆ ತನ್ನಿ. 112ಕ್ಕೆ ಕರೆ ಮಾಡಿ. ಅನಿಲ ಇನ್ನೂ ಸೋರುತ್ತಿದ್ದರೆ 1906ಕ್ಕೂ ಹೇಳಿ.

ಮನೆಯನ್ನು ಗುಡಿಸುವ ಮುನ್ನ

ಇದೇ ಕಷ್ಟದ ಹಂತ. ನಾನು ನೋಡಿದ ಮನೆಗಳಲ್ಲಿ ಮರುದಿನ ಬೆಳಿಗ್ಗೆಯೇ ನೆಂಟರು ಬಂದು ಅಡುಗೆಮನೆ ತೊಳೆದುಬಿಡುತ್ತಾರೆ. ಸುಟ್ಟ ಪೈಪ್ ಕಸಕ್ಕೆ ಹೋಗುತ್ತದೆ. ಏಜೆನ್ಸಿಯಿಂದ ಬಂದವರು ‘ಅಪಾಯ, ಇಲ್ಲಿಡಬೇಡಿ’ ಎಂದು ಸಿಲಿಂಡರ್ ಒಯ್ಯುತ್ತಾರೆ. ಆಮೇಲೆ ಹೇಳಲು ಬಾಯಿ ಮಾತ್ರ ಉಳಿಯುತ್ತದೆ. ಪೊಲೀಸರ ಮಹಜರು ಆಗುವವರೆಗೆ ಏನನ್ನೂ ಕದಲಿಸಬೇಡಿ. ಸಿಲಿಂಡರನ್ನು ಸಾಗಿಸಲೇಬೇಕಾದರೆ ಅದು ಪೊಲೀಸರ ಕೈಗೆ ಹೋಗಲಿ, ಏಜೆನ್ಸಿಯ ಗಾಡಿಗೆ ಅಲ್ಲ. ಈ ಮಾತಿನಲ್ಲಿ ದಾಕ್ಷಿಣ್ಯ ಬೇಡ.

ಮಹಜರಿನಲ್ಲಿ ‘ಗ್ಯಾಸ್ ಸೋರಿ ಬೆಂಕಿ’ ಎಂದು ಒಂದೇ ಸಾಲು ಬರೆದರೆ ಸಹಿ ಹಾಕಬೇಡಿ. ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಗಳ ಮೇಲೆ ಅದರ ಕ್ರಮಸಂಖ್ಯೆಯೂ ಪರೀಕ್ಷೆಯ ಅವಧಿಯೂ ಇರುತ್ತವೆ; ಎರಡನ್ನೂ ಮಹಜರಿನಲ್ಲಿ ಬರೆಸಿ. ‘ಸಿ 27’ ಎಂದಿದ್ದರೆ 2027ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದವರೆಗೆ ಅವಧಿ ಇದೆ ಎಂದರ್ಥ. ಎ ಎಂದರೆ ಜನವರಿ–ಮಾರ್ಚ್, ಡಿ ಎಂದರೆ ಅಕ್ಟೋಬರ್–ಡಿಸೆಂಬರ್. ಅವಧಿ ಮೀರಿದ ಸಿಲಿಂಡರ್ ಮನೆಗೆ ಬಂದಿದ್ದರೆ ಅದೊಂದೇ ಏಜೆನ್ಸಿಯನ್ನು ಕಟ್ಟಿಹಾಕುವ ಸಂಗತಿ.

ಆಮೇಲೆ ರೆಗ್ಯುಲೇಟರ್. ಅದು ವಾಲ್ವಿಗೆ ಕೂತಿತ್ತೇ, ಅದರ ಗುಂಡಿ ಯಾವ ಕಡೆ ತಿರುಗಿತ್ತು? ಒಲೆಯ ಗುಂಡಿಗಳು ಯಾವ ಸ್ಥಿತಿಯಲ್ಲಿದ್ದವು? ಒಲೆಯ ಗುಂಡಿ ತೆರೆದಿದ್ದರೆ ಬಳಸಿದವರ ಪಾಲು ಹಿಗ್ಗುತ್ತದೆ. ಒಲೆ ಮುಚ್ಚಿದ್ದು, ವಾಲ್ವಿನ ಸುತ್ತಲೇ ಬೆಂಕಿಯ ಗುರುತು ದಟ್ಟವಾಗಿದ್ದರೆ ಅನುಮಾನ ವಾಲ್ವಿನೊಳಗಿನ ಕಪ್ಪು ರಬ್ಬರ್ ವಾಷರಿನತ್ತ ಹೋಗುತ್ತದೆ. ಆ ವಾಷರ್ ಸಿಲಿಂಡರಿನ ಜತೆ ಬರುವ ಭಾಗ. ಅದು ಸೀಳಿದೆಯೇ, ಇದೆಯೇ ಇಲ್ಲವೇ ಎಂದು ನೋಡಿ ಕೊಡುವುದು ತಂದವರ ಕೆಲಸ. ಹೀಗಾಗಿ ವಾಲ್ವಿನ ಬಾಯಿಯ ಹತ್ತಿರದ ಚಿತ್ರ ತೆಗೆಯಿರಿ. ವಾಷರನ್ನು ನೀವೇ ಚುಚ್ಚಿ ತೆಗೆಯಬೇಡಿ, ಅದು ಪರೀಕ್ಷಕರಿಗೆ ಬಿಟ್ಟ ಕೆಲಸ.

ಕೊನೆಗೆ ಪೈಪ್. ಸುಟ್ಟರೂ ತುದಿಗಳು ಉಳಿದಿರುತ್ತವೆ. ತಯಾರಾದ ವರ್ಷ, ಐಎಸ್‌ಐ ಗುರುತು, ಒಂದೂವರೆ ಮೀಟರಿಗಿಂತ ಉದ್ದವಿತ್ತೇ, ನಡುವೆ ಜೋಡಣೆ ಇತ್ತೇ ಎಂಬುದೆಲ್ಲ ದಾಖಲಾಗಲಿ. ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ 5 ವರ್ಷವೇ ಆಯಸ್ಸು. ಬೀದಿಬದಿ ಅಂಗಡಿಯ ಹಸಿರು ಪ್ಲಾಸ್ಟಿಕ್ ಟ್ಯೂಬನ್ನಂತೂ ಯಾರೂ ಬಳಸಲೇಬಾರದು. ರೆಗ್ಯುಲೇಟರಿಗೂ ಪೈಪಿಗೂ ನಡುವೆ ಸಿಕ್ಕಿಸುವ ‘ಗ್ಯಾಸ್ ಉಳಿಸುವ’ ಸಾಧನಗಳೂ ಅಷ್ಟೇ: ಸೋರುವುದಕ್ಕೆ ಇನ್ನೊಂದು ಜಾಗ. ಹೊಣೆ ಹಂಚುವಾಗ ಇಂಥ ವಸ್ತುಗಳು ಬಳಕೆದಾರರ ವಿರುದ್ಧವೇ ನಿಲ್ಲುತ್ತವೆ.

ಮನೆಮಾಲೀಕರ ಪಾಲು

ಸಿಲಿಂಡರ್ ಬಾಡಿಗೆದಾರರದ್ದು ಎಂದ ಮಾತ್ರಕ್ಕೆ ಮಾಲೀಕರು ಹೊರಗುಳಿಯುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ ಮತ್ತು ಬಾಡಿಗೆದಾರರಿಗೆ ಕಣ್ಣಿಗೆ ಬೀಳದ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ಗೋಡೆಯೊಳಗೆ ಹಾಕಿದ ಗ್ಯಾಸ್ ಪೈಪ್ ಸೋರುವುದು ಗೊತ್ತಿದ್ದೂ ಸುಮ್ಮನಿದ್ದರೆ ಅದು ಇದೇ ದೋಷ. ಕನೆಕ್ಷನ್, ಒಲೆ, ಪೈಪ್ ಎಲ್ಲ ಕೊಟ್ಟು ಬಾಡಿಗೆ ಪಡೆಯುವವರಾದರೆ ಪೈಪಿನ ವಯಸ್ಸಿಗೂ ಅವರೇ ಜವಾಬು ಹೇಳಬೇಕು. ಗಾಳಿಕಿಂಡಿ ಮುಚ್ಚಿದ್ದು ಕಣ್ಣಿಗೆ ಕಾಣುವ ಸಂಗತಿ. ಅದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆದು ಕೇಳಿದ್ದರೆ ಮಾತ್ರ ವಾದಕ್ಕೆ ಬಲ ಬರುತ್ತದೆ.

ವಿಮೆ: ವಿಳಾಸವೇ ಎಲ್ಲ

ಅಪಘಾತವನ್ನು ಏಜೆನ್ಸಿಗೆ ಕೂಡಲೇ ಬರಹದಲ್ಲಿ ತಿಳಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ತೈಲ ಕಂಪನಿಗಳು ಮಾಡಿಸಿರುವ ವಿಮೆಗೆ ಗ್ರಾಹಕರು ಬೇರೆ ಕಂತು ಕಟ್ಟಬೇಕಿಲ್ಲ. ಸಾವಿಗೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿನಷ್ಟಕ್ಕೆ ಒಂದು ಘಟನೆಗೆ 2 ಲಕ್ಷದವರೆಗೆ ಸಿಗುತ್ತದೆ. ಆದರೆ ಆಸ್ತಿಯ ಹಣ ಏಜೆನ್ಸಿಯಲ್ಲಿ ನೋಂದಾಯಿಸಿದ ವಿಳಾಸದ ಮನೆಗೆ ಮಾತ್ರ. ಮನೆ ಬದಲಿಸುವಾಗ ಸಿಲಿಂಡರ್ ಹೊತ್ತೊಯ್ದು ವಿಳಾಸವನ್ನು ಹಾಗೇ ಬಿಡುವವರು ಅದನ್ನು ಕಳೆದುಕೊಳ್ಳುತ್ತಾರೆ. ಬಾಡಿಗೆ ಕರಾರನ್ನೇ ವಿಳಾಸದ ದಾಖಲೆಯಾಗಿ ಕೊಡಬಹುದು. ಇನ್ನೊಂದು ಮಿತಿಯಿದೆ: ಬೆಂಕಿಯ ಮೂಲ ಅನಿಲವೇ ಆಗಿರಬೇಕು. ಶಾರ್ಟ್ ಸರ್ಕ್ಯೂಟ್‌ನಿಂದ ಹೊತ್ತಿ ಆಮೇಲೆ ಸಿಲಿಂಡರಿಗೆ ತಗುಲಿದ್ದರೆ ಈ ವಿಮೆ ಬರುವುದಿಲ್ಲ. ಅಗ್ನಿಶಾಮಕ ಠಾಣೆಯ ವರದಿಯಲ್ಲಿ ‘ಕಾರಣ’ದ ಸಾಲನ್ನು ಓದಿ ಪಡೆಯಿರಿ.

ಒಂದು ಲೆಕ್ಕ

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಸಂಜೆ ಹೊಸ ಸಿಲಿಂಡರ್ ಬಂತು. ತಂದ ಹುಡುಗ ತೂಕವನ್ನೂ ತೋರಿಸಲಿಲ್ಲ, ಸೋರಿಕೆಯನ್ನೂ ನೋಡಲಿಲ್ಲ. ರಾತ್ರಿ ವಾಸನೆ ಬಂತು, ಮನೆಯಾಕೆ ಕಿಟಕಿ ತೆರೆದು ಮಲಗಿದರು, ರೆಗ್ಯುಲೇಟರ್ ಮುಚ್ಚಲಿಲ್ಲ. ಬೆಳಿಗ್ಗೆ ದೀಪದ ಸ್ವಿಚ್ ಹಾಕಿದಾಗ ಹೊತ್ತಿಕೊಂಡಿತು. ಪರೀಕ್ಷೆಯಲ್ಲಿ ವಾಷರ್ ಸೀಳಿದ್ದು ಕಂಡಿತು. ಚಿಕಿತ್ಸೆಗೆ 3,40,000, ಸಾಮಾನಿಗೆ 1,60,000, ಒಟ್ಟು 5 ಲಕ್ಷ ನಷ್ಟ. ವಿಮೆಯಿಂದ ಚಿಕಿತ್ಸೆಗೆ 2 ಲಕ್ಷ ಬಂತು. ವಿಳಾಸ ಹಳೆಯದಾದ್ದರಿಂದ ಸಾಮಾನಿಗೆ ಏನೂ ಬರಲಿಲ್ಲ.

ಏಜೆನ್ಸಿಯ ದೋಷ ನೂರಕ್ಕೆ 70, ವಾಸನೆ ಬಂದರೂ ಮುಚ್ಚದಿದ್ದ ತಪ್ಪು 30 ಎಂದು ತೀರ್ಮಾನವಾದರೆ ಏಜೆನ್ಸಿಯ ಕಡೆಯ ಹೊಣೆ 3,50,000. ವಿಮೆಯ 2 ಲಕ್ಷವನ್ನು ಅದರಲ್ಲಿ ಕಳೆದರೆ ಸಿಗುವುದು 1,50,000. ಹಂಚಿಕೆಗೆ ಸಿದ್ಧ ಸೂತ್ರವಿಲ್ಲ. ದಾಖಲೆ ನೋಡಿಯೇ ನಿರ್ಧಾರ. ‘ಪರೀಕ್ಷಿಸಿ ಪಡೆದಿದ್ದೇನೆ’ ಎಂಬ ಚೀಟಿಗೆ ಕಣ್ಣು ಹಾಯಿಸದೆ ಹಾಕಿದ ಸಹಿ ಆ 70ನ್ನು ಎಷ್ಟೋ ಕೆಳಗಿಳಿಸಬಹುದು. ಅದಕ್ಕೇ ಹುಡುಗ ಅವಸರ ಮಾಡಿದರೂ ಅವನೆದುರೇ ಮುಚ್ಚಳ ತೆಗೆಸಿ, ರೆಗ್ಯುಲೇಟರ್ ಹಾಕಿಸಿ, ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ.

ಎಲ್ಲಿ ದೂರು?

ಏಜೆನ್ಸಿ ಮತ್ತು ತೈಲ ಕಂಪನಿಯನ್ನು ಒಟ್ಟಿಗೇ ಪ್ರತಿವಾದಿಗಳನ್ನಾಗಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಿ. ಒಬ್ಬರನ್ನೇ ಸೇರಿಸಿದರೆ ಅವರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಮಾಲೀಕರನ್ನು ಅಲ್ಲಿಗೆ ಎಳೆಯಬೇಡಿ. ಬರೀ ಬಾಡಿಗೆ ವ್ಯವಹಾರ ಸಾಮಾನ್ಯವಾಗಿ ಗ್ರಾಹಕ ಕಾನೂನಿನ ‘ಸೇವೆ’ ಎನಿಸುವುದಿಲ್ಲ; ಅವರ ಮೇಲಿನ ದಾವೆಗೆ ಸಿವಿಲ್ ನ್ಯಾಯಾಲಯವೇ ದಾರಿ. ಮನೆ ವಾಸಕ್ಕೆ ಬಾರದಷ್ಟು ಹಾಳಾಗಿದ್ದು, ತಪ್ಪು ನಿಮ್ಮದಲ್ಲದಿದ್ದರೆ ಅದೇ 108ನೇ ಕಲಮಿನಡಿ ಕರಾರು ಮುರಿದು ಹೊರಬರುವ ಹಕ್ಕೂ ನಿಮಗಿದೆ. ನೋಟಿಸಿನಲ್ಲಿ ಅಡ್ವಾನ್ಸ್ ಹಣ ವಾಪಸ್ ಕೇಳಿ, ಕೀಲಿಕೈ ಕೊಟ್ಟ ದಿನಾಂಕವನ್ನು ಬರೆಯಿರಿ. ಆ ದಿನದ ನಂತರದ ಬಾಡಿಗೆಯನ್ನು ಅವರು ಹಿಡಿದುಕೊಳ್ಳದಂತೆ.